ಕೆಂಪು ಸಮುದ್ರದಲ್ಲಿ ಕೇಬಲ್ ಕಡಿದರೆ ನಮ್ಮ ಇಂಟರ್ನೆಟ್ ಏಕೆ ನಿಧಾನ? ಉತ್ತರ ಟೆಲಿಗ್ರಾಫ್ ಕಾಲದಲ್ಲಿದೆ

2025ರ ಸೆಪ್ಟೆಂಬರ್ 6ರಂದು ಸೌದಿ ಅರೇಬಿಯಾದ ಜೆಡ್ಡಾ ಹತ್ತಿರ ಕೆಂಪು ಸಮುದ್ರದ ತಳದಲ್ಲಿ ಕೆಲವು ಕೇಬಲ್‌ಗಳು ತುಂಡಾದವು. ಭಾರತ, ಪಾಕಿಸ್ತಾನ, ಯುಎಇಗಳಲ್ಲಿ ಇಂಟರ್ನೆಟ್ ನಿಧಾನವಾಯಿತು. ಆ ದಾರಿಯಲ್ಲಿ ಹೋಗುವ ಮಾಹಿತಿ ತಡವಾಗಬಹುದು ಎಂದು ಮೈಕ್ರೋಸಾಫ್ಟ್ ತನ್ನ ಕ್ಲೌಡ್ ಸೇವೆ ಅಜೂರ್‌ನ ಗ್ರಾಹಕರಿಗೆ ತಿಳಿಸಿತು.

ಸುದ್ದಿ ಓದಿದ ಅನೇಕರಿಗೆ ಗೊಂದಲವಾಯಿತು. ಇಂಟರ್ನೆಟ್ ಬರುವುದು ಉಪಗ್ರಹದಿಂದ ಅಲ್ವಾ? ಎಲ್ಲೋ ಅರೇಬಿಯಾದ ಪಕ್ಕ ತಂತಿ ಕಡಿದರೆ ಬೆಂಗಳೂರಿನಲ್ಲಿ ಕೂತವರಿಗೆ ಏನು ತೊಂದರೆ? ಕಡಿದದ್ದೇ ನಿಜವಾದರೆ ಪೂರ್ತಿ ನಿಲ್ಲಬೇಕಿತ್ತು, ಬರೀ ನಿಧಾನ ಆದದ್ದು ಹೇಗೆ?

ದೇಶದಿಂದ ದೇಶಕ್ಕೆ ಹೋಗುವ ಮಾಹಿತಿಯಲ್ಲಿ ಶೇ. 95ಕ್ಕಿಂತ ಹೆಚ್ಚು ಪಾಲು ಹೋಗುವುದು ಸಮುದ್ರದಡಿಯ ಕೇಬಲ್‌ಗಳಲ್ಲೇ. ಈ ಕೆಂಪು ಸಮುದ್ರದ ದಾರಿಯನ್ನು ಇಂಟರ್ನೆಟ್ ಕಂಪನಿಗಳು ಹೊಸದಾಗಿ ಹುಡುಕಿದ್ದೂ ಅಲ್ಲ. 1859ರಲ್ಲೇ ಅಲ್ಲಿ ಟೆಲಿಗ್ರಾಫ್ ಕೇಬಲ್ ಹಾಕಿದ್ದರು. ಅದು ಕೆಟ್ಟಿತು. 1870ರಲ್ಲಿ ಮತ್ತೆ ಹಾಕಿದರು, ಗೆದ್ದರು. ಮೊದಲ ಸಲ ಏಕೆ ಸೋತರು, ಎರಡನೇ ಸಲ ಹೇಗೆ ಗೆದ್ದರು ಎಂಬುದು ತಿಳಿದರೆ ಈಗಿನ ಸುದ್ದಿಯೂ ಅರ್ಥವಾಗುತ್ತದೆ. ಅದಕ್ಕೆ ತಂತಿಯಲ್ಲಿ ಮಾತು ಹೋಗುವುದೇ ಹೇಗೆ ಎಂಬಲ್ಲಿಂದ ಶುರು ಮಾಡಬೇಕು.

## ಒಂದು ತಂತಿ ಸಾಕೇ, ಐದು ಬೇಕೇ?

ಕರೆಂಟ್ ಹರಿಯುವ ತಂತಿಯ ಪಕ್ಕ ದಿಕ್ಸೂಚಿ ಇಟ್ಟರೆ ಅದರ ಸೂಜಿ ತಿರುಗುತ್ತದೆ ಎಂದು ಡೆನ್ಮಾರ್ಕಿನ ಅರ್ಸ್ಟೆಡ್ 1820ರಲ್ಲಿ ತೋರಿಸಿದರು. ಇದರಿಂದ ಒಂದು ಆಸೆ ಹುಟ್ಟಿತು. ಇಲ್ಲಿ ಬ್ಯಾಟರಿ ಜೋಡಿಸಿದರೆ ಅಲ್ಲಿ ಸೂಜಿ ಅಲುಗಾಡುತ್ತದೆ ಎಂದಮೇಲೆ, ಆ ಅಲುಗಾಟದಲ್ಲೇ ಸುದ್ದಿ ಕಳಿಸಬಹುದಲ್ಲ? ಆದರೆ ಸೂಜಿಯ ಅಲುಗಾಟದಿಂದ ಅಕ್ಷರ ಮಾಡುವುದು ಹೇಗೆ?

ಇಂಗ್ಲೆಂಡಿನ ಕುಕ್ ಮತ್ತು ವೀಟ್‌ಸ್ಟನ್ 1837ರಲ್ಲಿ ಒಂದು ಉತ್ತರ ಕೊಟ್ಟರು. ಐದು ಸೂಜಿ, ಒಂದೊಂದಕ್ಕೂ ಬೇರೆ ತಂತಿ. ಎರಡು ಸೂಜಿಗಳು ತಿರುಗಿ ಹಲಗೆಯ ಮೇಲೆ ಬರೆದಿರುವ ಅಕ್ಷರವನ್ನು ತೋರಿಸುತ್ತವೆ. ಓದಲು ಬರುವ ಯಾರು ಬೇಕಾದರೂ ಇದನ್ನು ನಡೆಸಬಹುದು. ಆದರೆ ಹಲಗೆಯಲ್ಲಿ ಜಾಗ ಇದ್ದದ್ದು 20 ಅಕ್ಷರಗಳಿಗೆ ಮಾತ್ರ. ಸಿ, ಜೆ, ಕ್ಯೂ, ಯು, ಎಕ್ಸ್, ಝಡ್ ಇರಲೇ ಇಲ್ಲ. 1845ರ ಜನವರಿ 1ರಂದು ಕೊಲೆ ಮಾಡಿದ ಒಬ್ಬ ಸ್ಲೋ ಊರಿನಿಂದ ರೈಲು ಹತ್ತಿ ಲಂಡನ್ನಿಗೆ ಹೊರಟ. ಅವನಿಗಿಂತ ಮೊದಲೇ ಟೆಲಿಗ್ರಾಫ್ ಸುದ್ದಿ ಪ್ಯಾಡಿಂಗ್ಟನ್ ನಿಲ್ದಾಣ ತಲುಪಿತು. ಅವನು ಕ್ರೈಸ್ತರ ಕ್ವೇಕರ್ ಪಂಥದವರಂತೆ ಉಡುಪು ತೊಟ್ಟಿದ್ದಾನೆ ಎಂದು ತಿಳಿಸಬೇಕಿತ್ತು. ಆ ಪದದ ಮೊದಲ ಅಕ್ಷರ ಕ್ಯೂ ಹಲಗೆಯಲ್ಲಿ ಇಲ್ಲವಲ್ಲ! ಕೆ, ಡಬ್ಲ್ಯೂ ಹಾಕಿ ಆ ಪದ ಕಳಿಸಿದರು. ಅತ್ತ ಇದ್ದ ಗುಮಾಸ್ತನಿಗೆ ಮೊದಲು ತಲೆಬುಡ ತಿಳಿಯಲಿಲ್ಲ. ಆದರೂ ಕೊಲೆಗಾರ ಸಿಕ್ಕಿಬಿದ್ದ.

ಈ ಪದ್ಧತಿಯ ನಿಜವಾದ ತೊಡಕು ಖರ್ಚು. ಹತ್ತಾರು ಮೈಲಿ ಇದ್ದಾಗ ಐದು ತಂತಿ ಎಳೆಯಬಹುದು. ಸಾವಿರ ಮೈಲಿ ಆದರೆ? ಪ್ರತಿ ತಂತಿಗೂ ಲೋಹ ಬೇಕು, ಪ್ರತಿಯೊಂದನ್ನೂ ಸೋರದಂತೆ ಕಾಯಬೇಕು, ಐದರಲ್ಲಿ ಒಂದು ಕೆಟ್ಟರೂ ಹಲಗೆ ತಪ್ಪು ಅಕ್ಷರ ತೋರಿಸುತ್ತದೆ.

ಅಮೆರಿಕದ ಸ್ಯಾಮ್ಯುಯೆಲ್ ಮೋರ್ಸ್ ಮತ್ತು ಅವರ ಜೊತೆಗಾರ ಆಲ್‌ಫ್ರೆಡ್ ವೇಲ್ ಇದಕ್ಕೆ ತದ್ವಿರುದ್ಧ ದಾರಿ ಹಿಡಿದರು. ತಂತಿ ಒಂದೇ. ಅದರಲ್ಲಿ ಕರೆಂಟ್ ಇದೆ ಅಥವಾ ಇಲ್ಲ, ಅಷ್ಟೇ. ವಾಪಸ್ ಬರುವ ದಾರಿಗೆ ಇನ್ನೊಂದು ತಂತಿಯೂ ಬೇಡ. ಎರಡೂ ತುದಿಯಲ್ಲಿ ಲೋಹದ ಹಲಗೆ ಹೂತರೆ ಭೂಮಿಯೇ ಆ ಕೆಲಸ ಮಾಡುತ್ತದೆ ಎಂದು ಜರ್ಮನಿಯ ಸ್ಟೈನ್‌ಹೈಲ್ 1838ರಲ್ಲಿ ಕಂಡುಕೊಂಡಿದ್ದರು. ಕಷ್ಟವನ್ನೆಲ್ಲ ತಂತಿಯಿಂದ ತೆಗೆದು ಮನುಷ್ಯನ ತಲೆಗೆ ಹಾಕಿದಂತಾಯಿತು. ಉಪಕರಣ ಸರಳವಾಯಿತು, ಅದನ್ನು ನಡೆಸುವವನು ಮಾತ್ರ ತಿಂಗಳುಗಟ್ಟಲೆ ಕಲಿಯಬೇಕಾಯಿತು. ದೂರದ ಮಟ್ಟಿಗೆ ಇದು ಲಾಭದ ವ್ಯಾಪಾರ. ತರಬೇತಿಯ ಖರ್ಚು ಒಂದು ಸಲ, ತಂತಿಯ ಖರ್ಚು ಪ್ರತಿ ಮೈಲಿಗೂ.

## ಸಂಕೇತದ ಲೆಕ್ಕಾಚಾರ

ಮೋರ್ಸ್ ಮೊದಲು ಯೋಚಿಸಿದ್ದು ಅಕ್ಷರಗಳನ್ನಲ್ಲ, ಅಂಕಿಗಳನ್ನು. ಪ್ರತಿ ಪದಕ್ಕೂ ಒಂದು ಸಂಖ್ಯೆ, ಅದನ್ನು ಬಿಡಿಸಲು ದಪ್ಪನೆಯ ನಿಘಂಟು. ನಿಘಂಟಿನಲ್ಲಿಲ್ಲದ ಹೆಸರು ಬಂದರೆ ಪೇಚಾಟ. ಹಾಗಾಗಿ ಕೊನೆಗೆ ಅಕ್ಷರಕ್ಕೊಂದು ಗುರುತು ಎಂದಾಯಿತು. ಯಾವ ಅಕ್ಷರಕ್ಕೆ ಚಿಕ್ಕ ಗುರುತು ಕೊಡಬೇಕು? ಇಂಗ್ಲಿಷಿನಲ್ಲಿ ಯಾವುದು ಹೆಚ್ಚು ಬರುತ್ತದೋ ಅದಕ್ಕೆ. ಇದನ್ನು ತಿಳಿಯಲು ವೇಲ್ ಊರಿನ ಪತ್ರಿಕೆಯ ಅಚ್ಚುಕೂಟಕ್ಕೆ ಹೋಗಿ, ಒಂದೊಂದು ಅಕ್ಷರದ ಅಚ್ಚುಮೊಳೆ ಎಷ್ಟೆಷ್ಟು ಇಟ್ಟಿದ್ದಾರೆ ಎಂದು ನೋಡಿದರು ಎಂದು ಹೇಳುತ್ತಾರೆ. ಇಂದು ಬಳಕೆಯಲ್ಲಿರುವ ಅಂತಾರಾಷ್ಟ್ರೀಯ ರೂಪದಲ್ಲಿ ಕೆಲವು ಅಕ್ಷರಗಳು ಹೀಗಿವೆ:

```
E  .
T  -
A  .-
Q  --.-
```

ಚುಕ್ಕಿಯ ಅವಧಿ ಒಂದು ಅಳತೆ. ಗೆರೆ ಅದರ ಮೂರರಷ್ಟು. ಒಂದೇ ಅಕ್ಷರದೊಳಗಿನ ಬಿಡುವು ಒಂದು ಅಳತೆ, ಎರಡು ಅಕ್ಷರಗಳ ನಡುವೆ ಮೂರು, ಎರಡು ಪದಗಳ ನಡುವೆ ಏಳು. ಆದ್ದರಿಂದ ಮೌನಕ್ಕೂ ಇಲ್ಲಿ ಅರ್ಥವಿದೆ. ಬಿಡುವು ಕಳೆದುಹೋದರೆ ಗುರುತು ಇದ್ದೂ ಅಕ್ಷರ ಹಾಳು. ಈ ಮಾತು ಮುಂದೆ ಸಮುದ್ರಕ್ಕೆ ಇಳಿದಾಗ ಬಹಳ ಬೇಕಾಗುತ್ತದೆ.

ಒಂದು ಲೆಕ್ಕ ಮಾಡೋಣ. ಮಳೆ ಎಂಬ ಅರ್ಥದ ನಾಲ್ಕಕ್ಷರದ ಇಂಗ್ಲಿಷ್ ಪದ 'ರೇನ್' ಕಳಿಸಬೇಕು. ಆರ್ 7 ಅಳತೆ, ಎ 5, ಐ 3, ಎನ್ 5. ಒಟ್ಟು 20. ನಡುವಿನ ಮೂರು ಬಿಡುವುಗಳಿಗೆ 9. ಸೇರಿ 29. ನಿಮಿಷಕ್ಕೆ 20 ಪದ ಕಳಿಸುವ ಕೈಗೆ ಒಂದು ಚುಕ್ಕಿ ಸೆಕೆಂಡಿನ ನೂರರಲ್ಲಿ ಆರು ಭಾಗ ಹಿಡಿಯುತ್ತದೆ. ಎಂದರೆ ಇಡೀ ಪದ ಎರಡು ಸೆಕೆಂಡಿಗೂ ಕಡಿಮೆ.

1844ರ ಮೇ 24ರಂದು ವಾಷಿಂಗ್ಟನ್ನಿನಿಂದ ಬಾಲ್ಟಿಮೋರಿಗೆ, ಸುಮಾರು 60 ಕಿ.ಮೀ. ದೂರ, ಮೋರ್ಸ್ ಅಧಿಕೃತವಾಗಿ ಮೊದಲ ಸಂದೇಶ ಕಳಿಸಿದರು. ಆ ತಂತಿಯನ್ನು ಮೊದಲು ಸೀಸದ ಕೊಳವೆಯಲ್ಲಿ ನೆಲದೊಳಗೆ ಹೂಳಲು ಹೋಗಿ ಕೈಸುಟ್ಟುಕೊಂಡಿದ್ದರು. ಹೊದಿಕೆ ಸರಿಯಿಲ್ಲದೆ ಕರೆಂಟ್ ಸೋರಿತು. ಕೊನೆಗೆ ಕಂಬ ನೆಟ್ಟು ಗಾಳಿಯಲ್ಲಿ ಎಳೆದರು. ಗಾಳಿ ಪುಕ್ಕಟೆ ಸಿಗುವ ಒಳ್ಳೆಯ ಹೊದಿಕೆ.

## ದೂರ ಹೆಚ್ಚಿದಾಗ: ರಿಲೇ ಎಂಬ ಉಪಾಯ

ತಂತಿ ಉದ್ದವಾದಷ್ಟೂ ಅದರ ರೋಧ ಹೆಚ್ಚುತ್ತದೆ, ತುದಿಗೆ ತಲುಪುವ ಕರೆಂಟ್ ಕಡಿಮೆಯಾಗುತ್ತದೆ. ಕಂಬಗಳಲ್ಲಿ, ಅದರಲ್ಲೂ ಮಳೆ ಬಂದಾಗ, ಒಂದಿಷ್ಟು ಸೋರಿಯೂ ಹೋಗುತ್ತದೆ. ನೂರಾರು ಮೈಲಿ ದಾಟಿ ಬಂದ ಕರೆಂಟಿಗೆ ಕಾಗದದ ಮೇಲೆ ಗುರುತು ಒತ್ತುವ ಶಕ್ತಿ ಇರುವುದಿಲ್ಲ.

ರಿಲೇ ಮಾಡುವುದು ಇಷ್ಟೇ. ಬಂದ ಬಡಕಲು ಕರೆಂಟ್ ತೆಳುವಾದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ವಿದ್ಯುತ್ಕಾಂತದ ಮೂಲಕ ಹರಿಯುತ್ತದೆ. ಸುತ್ತು ಜಾಸ್ತಿ ಇರುವುದರಿಂದ ಕಡಿಮೆ ಕರೆಂಟಿಗೂ ಅದು ಒಂದು ಹಗುರವಾದ ಕಡ್ಡಿಯನ್ನು ಸೆಳೆಯಬಲ್ಲದು. ಆ ಕಡ್ಡಿ ಒಂದು ಸ್ವಿಚ್ಚು. ಅದು ತಾಗಿದ ಕೂಡಲೇ ಆ ಊರಿನಲ್ಲೇ ಇರುವ ಹೊಸ ಬ್ಯಾಟರಿ ಮುಂದಿನ ತಂತಿಗೆ ಪೂರ್ತಿ ಬಲದ ಕರೆಂಟ್ ಬಿಡುತ್ತದೆ. ಉದ್ದ ತಂತಿಗೆ ಹೆಚ್ಚು ಸುತ್ತಿನ ಕಾಂತ ಬೇಕು ಎಂಬ ಗುಟ್ಟನ್ನು ಕಂಡುಹಿಡಿದವರು ಜೋಸೆಫ್ ಹೆನ್ರಿ. ಮೋರ್ಸ್‌ಗೆ ಅದು ಗೊತ್ತಾದದ್ದು ನ್ಯೂಯಾರ್ಕ್ ವಿಶ್ವವಿದ್ಯಾಲಯದ ಲಿಯೊನಾರ್ಡ್ ಗೇಲ್ ಅವರಿಂದ. ಯಾರು ಏನು ಕಂಡುಹಿಡಿದರು ಎಂದು ಆಮೇಲೆ ಕೋರ್ಟಿನವರೆಗೂ ಜಗಳ ಹೋಯಿತು, ಅದು ಬೇರೆ ಕಥೆ.

ರಿಲೇ ಕೆಲಸ ಮಾಡುವುದು ಸಂಕೇತದಲ್ಲಿ ಇರುವುದು 'ಇದೆ', 'ಇಲ್ಲ' ಎಂಬ ಎರಡೇ ಸ್ಥಿತಿ ಆಗಿರುವುದರಿಂದ. ಬಂದದ್ದು ಎಷ್ಟು ಬಡಕಲಾಗಿದ್ದರೂ 'ಇದೆ' ಎಂದು ಗೊತ್ತಾದರೆ ಸಾಕು, ಮುಂದಕ್ಕೆ ಹೊಚ್ಚ ಹೊಸದು ಹೋಗುತ್ತದೆ. ಹಿಂದಿನ ದಾರಿಯ ಸವೆತ ಮುಂದಿನ ದಾರಿಗೆ ಸೇರುವುದಿಲ್ಲ. ಹೀಗಾಗಿ ನೆಲದ ಮೇಲೆ ದೂರ ಒಂದು ಸಮಸ್ಯೆಯಾಗಿ ಉಳಿಯಲಿಲ್ಲ. ನಡುವೆ ಒಂದು ಕೋಣೆ, ಒಂದಷ್ಟು ಬ್ಯಾಟರಿ, ಒಬ್ಬ ಗುಮಾಸ್ತ ಇದ್ದರೆ ಆಯಿತು.

ಭಾರತದಲ್ಲಿ ಈ ಕೆಲಸಕ್ಕೆ ಇಳಿದವರು ಕಲ್ಕತ್ತಾ ಮೆಡಿಕಲ್ ಕಾಲೇಜಿನ ಪ್ರೊಫೆಸರ್ ವಿಲಿಯಂ ಬ್ರೂಕ್ ಓಶಾಗ್ನೆಸಿ. 1839ರಲ್ಲೇ ಅವರು ಕಲ್ಕತ್ತಾದ ಬಳಿ ಪ್ರಯೋಗ ಮಾಡಿದ್ದರು. ತೆಳು ತಂತಿಯ ಬದಲು ಕಬ್ಬಿಣದ ದಪ್ಪ ಸಲಾಕೆಗಳನ್ನು ಎಳೆದರು. ಮಂಗಗಳು ಜೋತಾಡಿದರೂ, ಹದ್ದುಗಳು ಕೂತರೂ ಅದು ತಡೆಯಬೇಕಿತ್ತು. ದಪ್ಪ ಇದ್ದರೆ ರೋಧವೂ ಕಡಿಮೆ. 1854ರ ಮಾರ್ಚ್‌ನಲ್ಲಿ ಆಗ್ರಾದಿಂದ ಕಲ್ಕತ್ತಾಕ್ಕೆ, ಸುಮಾರು 800 ಮೈಲಿ, ಸಂದೇಶ ಹೋಯಿತು. ಮರುವರ್ಷ ಸಾರ್ವಜನಿಕರಿಗೂ ಸೇವೆ ತೆರೆಯಿತು.

ಆದರೆ ಕಲ್ಕತ್ತಾದ ಸುದ್ದಿ ಲಂಡನ್ನಿಗೆ ಹೋಗಬೇಕಾದರೆ? ಹಡಗಿನಲ್ಲಿ ತಿಂಗಳು ಕಾಯಬೇಕಿತ್ತು. ನಡುವೆ ಸಮುದ್ರ. ಅಲ್ಲಿ ಕಂಬ ನೆಡಲಾಗದು, ರಿಲೇ ಕೋಣೆ ಕಟ್ಟಲಾಗದು.

## ನೀರಿನಡಿಯಲ್ಲಿ ಚುಕ್ಕಿ ಗೆರೆಯಾಯಿತು

ಸಮುದ್ರದ ಕೇಬಲ್ ಎಂದರೆ ನಡುವೆ ತಾಮ್ರ, ಸುತ್ತ ಗಟ್ಟಾಪರ್ಚಾ ಎಂಬ ಮಲಯಾದ ಮರದ ಅಂಟಿನ ಹೊದಿಕೆ, ಅದರ ಹೊರಗೆ ಕಬ್ಬಿಣದ ತಂತಿಗಳ ರಕ್ಷಾಕವಚ, ಆಮೇಲೆ ಉಪ್ಪುನೀರು. ಉಪ್ಪುನೀರಿನಲ್ಲೂ ಕರೆಂಟ್ ಹರಿಯುತ್ತದೆ. ಹಾಗಾಗಿ ಒಳಗೊಂದು ವಾಹಕ, ಹೊರಗೊಂದು ವಾಹಕ, ನಡುವೆ ತೆಳು ಹೊದಿಕೆ. ವಿದ್ಯುತ್ ಕೂಡಿಡುವ ಕೆಪಾಸಿಟರ್‌ನ ರಚನೆಯೇ ಇದು. ಎರಡು ಸಾವಿರ ಮೈಲಿ ಕೇಬಲ್ ಹಾಕುವುದೆಂದರೆ ಎರಡು ಸಾವಿರ ಮೈಲಿ ಉದ್ದದ ಕೆಪಾಸಿಟರ್ ಹಾಕಿದಂತೆ. ಫ್ಯಾರಡೆ ಇದನ್ನು 1854ರಲ್ಲಿ ವಿವರಿಸಿದರು.

ಪರಿಣಾಮ ಏನು? ಮೆತ್ತಗಿನ ಉದ್ದ ರಬ್ಬರ್ ಪೈಪಿಗೆ ನಲ್ಲಿ ಬಿಟ್ಟಾಗ ಆಗುವುದೇ ಇಲ್ಲೂ ಆಗುತ್ತದೆ. ಮೊದಲು ಪೈಪು ಉಬ್ಬುತ್ತದೆ, ಆಮೇಲೆ ಆ ತುದಿಯಲ್ಲಿ ನೀರು ನಿಧಾನಕ್ಕೆ ಹೆಚ್ಚುತ್ತದೆ. ನಲ್ಲಿ ನಿಲ್ಲಿಸಿದರೂ ಉಬ್ಬಿದ ನೀರು ಹೊರಬರುತ್ತಲೇ ಇರುತ್ತದೆ. ಈ ತುದಿಯಲ್ಲಿ ಚುರುಕಾಗಿ ಒತ್ತಿದ ಚುಕ್ಕಿ ಆ ತುದಿಯಲ್ಲಿ ಮೆಲ್ಲಗೆ ಏರಿ ಮೆಲ್ಲಗೆ ಇಳಿಯುವ ಉದ್ದನೆಯ ಅಲೆಯಾಗುತ್ತದೆ. ಅದು ಇಳಿಯುವ ಮೊದಲೇ ಮುಂದಿನ ಚುಕ್ಕಿ ಬಂದರೆ ಎರಡೂ ಕಲಸಿಹೋಗುತ್ತವೆ. ನಡುವಿನ ಬಿಡುವು ಮಾಯ. ಕರೆಂಟ್ ತಲುಪಿದೆ, ಸಂದೇಶ ತಲುಪಿಲ್ಲ.

ಗ್ಲಾಸ್ಗೋದ ಪ್ರೊಫೆಸರ್ ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಆದವರು, ಇದರ ಗಣಿತ ಬಿಡಿಸಿದರು. ಉದ್ದ ಎರಡರಷ್ಟಾದರೆ ರೋಧ ಎರಡರಷ್ಟಾಗುತ್ತದೆ, ಕೂಡಿಡುವ ಸಾಮರ್ಥ್ಯವೂ ಎರಡರಷ್ಟು. ಎರಡೂ ಗುಣಿಸಿಕೊಳ್ಳುವುದರಿಂದ ಕಲಸುವಿಕೆ ನಾಲ್ಕರಷ್ಟು. ಉದ್ದ ಹತ್ತರಷ್ಟಾದರೆ ಅದು ನೂರರಷ್ಟು. ಇದೇ ವರ್ಗದ ನಿಯಮ. 300 ಕಿ.ಮೀ. ಕೇಬಲ್‌ನಲ್ಲಿ ಒಂದು ಚುಕ್ಕಿ ಸೆಕೆಂಡಿನ ನೂರನೇ ಒಂದು ಭಾಗ ಹರಡಿಕೊಂಡರೆ, ಅದೇ ಬಗೆಯ 3,000 ಕಿ.ಮೀ. ಕೇಬಲ್‌ನಲ್ಲಿ ಪೂರ್ತಿ ಒಂದು ಸೆಕೆಂಡ್ ಹರಡುತ್ತದೆ. ಆಗ ಮೇಲಿನ ನಾಲ್ಕಕ್ಷರದ ಪದಕ್ಕೆ ಎರಡು ಸೆಕೆಂಡ್ ಸಾಲದು, ಅರ್ಧ ನಿಮಿಷ ಬೇಕು. ಪರಿಹಾರವೂ ಅದೇ ಗಣಿತದಲ್ಲಿತ್ತು: ತಾಮ್ರ ದಪ್ಪ ಮಾಡಿ ರೋಧ ಇಳಿಸಿ, ಹೊದಿಕೆ ದಪ್ಪ ಮಾಡಿ ಕೂಡಿಕೆ ಇಳಿಸಿ. ಎರಡಕ್ಕೂ ದುಡ್ಡು ಬೇಕು.

## 1858: ಸರ್ಜನ್ ಒಂದು ಕಡೆ, ಪ್ರೊಫೆಸರ್ ಒಂದು ಕಡೆ

ಐರ್ಲೆಂಡಿನಿಂದ ಅಮೆರಿಕದ ಕಡೆಗೆ ಸಾಗರದಡಿ ಕೇಬಲ್ ಹಾಕಲು ಹೊರಟದ್ದು ಅಟ್ಲಾಂಟಿಕ್ ಟೆಲಿಗ್ರಾಫ್ ಕಂಪನಿ. ಅದರ ಮುಖ್ಯ ಎಲೆಕ್ಟ್ರಿಷಿಯನ್ ವೈಲ್ಡ್‌ಮನ್ ವೈಟ್‌ಹೌಸ್ ಓದಿನಿಂದ ಸರ್ಜನ್. ವಿದ್ಯುತ್ತನ್ನು ಸ್ವಂತ ಪ್ರಯೋಗಗಳಿಂದ ಕಲಿತವರು. ಬೇರೆ ಬೇರೆ ಉದ್ದದ ಕೇಬಲ್‌ಗಳಲ್ಲಿ ತಾನೇ ಅಳೆದಿದ್ದೇನೆ, ಥಾಮ್ಸನ್ ಹೇಳುವ ವರ್ಗದ ನಿಯಮ ಎಲ್ಲೂ ಕಾಣಲಿಲ್ಲ ಎಂಬುದು ಅವರ ವಾದ. ಹಾಗಾಗಿ ತೆಳು ತಾಮ್ರವೇ ಸಾಕು, ತುದಿಯಲ್ಲಿ ಗಟ್ಟಿಯಾಗಿ ತಲುಪಬೇಕಾದರೆ ಇಲ್ಲಿಂದ ಹೆಚ್ಚು ವೋಲ್ಟೇಜಿನಲ್ಲಿ ತಳ್ಳಬೇಕು.

ಥಾಮ್ಸನ್ ಕಂಪನಿಯ ನಿರ್ದೇಶಕರಲ್ಲಿ ಒಬ್ಬರು. ತಳ್ಳುವುದು ಹೆಚ್ಚಿಸಿದರೆ ಅಲೆಯ ಎತ್ತರ ಹೆಚ್ಚುತ್ತದೆ, ಅಗಲ ಕಡಿಮೆಯಾಗುವುದಿಲ್ಲ ಎಂಬುದು ಅವರ ನಿಲುವು. ಕಲಸಿದ್ದನ್ನು ಜೋರಾಗಿ ಕಲಸಿದರೆ ಏನು ಬಂತು? ಕಡಿಮೆ ವೋಲ್ಟೇಜ್ ಬಿಡಿ, ತುದಿಯಲ್ಲಿ ಅತಿ ಸೂಕ್ಷ್ಮವಾದುದನ್ನೂ ಹಿಡಿಯುವ ಉಪಕರಣ ಇಡಿ ಎಂದರು. ಅದಕ್ಕಾಗಿ ಕನ್ನಡಿ ಗ್ಯಾಲ್ವನೋಮೀಟರ್ ಮಾಡಿದರು. ತಂತಿಸುರುಳಿಯ ನಡುವೆ ರೇಷ್ಮೆ ಎಳೆಯಲ್ಲಿ ತೂಗುವ ಪುಟ್ಟ ಕನ್ನಡಿ, ಅದರ ಬೆನ್ನಿಗೆ ಚೂರು ಕಾಂತ. ದೀಪದ ಬೆಳಕು ಕನ್ನಡಿಗೆ ಬಿದ್ದು ದೂರದ ಪಟ್ಟಿಯ ಮೇಲೆ ಚುಕ್ಕೆಯಾಗಿ ಕಾಣುತ್ತದೆ. ಕನ್ನಡಿ ಕೂದಲೆಳೆಯಷ್ಟು ತಿರುಗಿದರೂ ಬೆಳಕಿನ ಚುಕ್ಕೆ ಕಣ್ಣಿಗೆ ಕಾಣುವಷ್ಟು ಸರಿಯುತ್ತದೆ.

ಥಾಮ್ಸನ್ ಮಾತಿಗೆ ಬೆಲೆ ಬರುವಷ್ಟರಲ್ಲಿ ಕೇಬಲ್‌ಗೆ ಆರ್ಡರ್ ಹೋಗಿಯಾಗಿತ್ತು. ನಾಟಿಕಲ್ ಮೈಲಿಗೆ ತಾಮ್ರ ಬರೀ 107 ಪೌಂಡ್. ಎರಡು ಹಡಗುಗಳು ನಡುಸಮುದ್ರದಲ್ಲಿ ತುದಿಗಳನ್ನು ಜೋಡಿಸಿ, ಒಂದು ಐರ್ಲೆಂಡಿನ ಕಡೆಗೆ, ಇನ್ನೊಂದು ನ್ಯೂಫೌಂಡ್‌ಲ್ಯಾಂಡಿನ ಕಡೆಗೆ ಕೇಬಲ್ ಬಿಡುತ್ತ ಹೋದವು. 1858ರ ಆಗಸ್ಟ್ 5ರಂದು ದಡ ಸೇರಿದವು. ಆಗಸ್ಟ್ 16ರಂದು ವಿಕ್ಟೋರಿಯಾ ರಾಣಿಯ 98 ಪದಗಳ ಶುಭಾಶಯ ಅಮೆರಿಕದ ಅಧ್ಯಕ್ಷ ಬುಕಾನನ್‌ಗೆ ಹೋಯಿತು. ಹೋಗಲು ಹಿಡಿದದ್ದು 16 ಗಂಟೆ. ಪದಕ್ಕೆ ಸುಮಾರು ಹತ್ತು ನಿಮಿಷ! ನ್ಯೂಯಾರ್ಕಿನಲ್ಲಿ ಮಾತ್ರ ಪಟಾಕಿ ಹೊಡೆದು ಸಂಭ್ರಮಿಸಿದರು.

ವೈಟ್‌ಹೌಸ್ ಐದು ಅಡಿ ಉದ್ದದ ಇಂಡಕ್ಷನ್ ಕಾಯಿಲ್‌ಗಳಿಂದ ಸುಮಾರು 2,000 ವೋಲ್ಟ್ ಬಿಟ್ಟರೆಂದು ಆಮೇಲೆ ಅಂದಾಜಾಯಿತು. ಅವರದೇ ಗ್ರಾಹಕ ಉಪಕರಣ ಸರಿಯಾಗಿ ಏನನ್ನೂ ಹಿಡಿಯಲಿಲ್ಲ. ಓದಲು ಸಾಧ್ಯವಾದದ್ದು ಥಾಮ್ಸನ್ನರ ಕನ್ನಡಿಯಿಂದ. ಕಂಪನಿ ವೈಟ್‌ಹೌಸ್‌ರನ್ನು ತೆಗೆದುಹಾಕಿತು. ಸೆಪ್ಟೆಂಬರ್ ಹೊತ್ತಿಗೆ ಕೇಬಲ್ ಸತ್ತಿತು.

ತಪ್ಪೆಲ್ಲ ಅವರದೇ ಎಂದು ಬರೆಯುವುದು ಸುಲಭ, ಆದರೆ ಅಷ್ಟು ನ್ಯಾಯವಲ್ಲ. ಕೇಬಲ್ ತಯಾರಾದಾಗಲೇ ಕಳಪೆ. ಕೆಲವು ಕಡೆ ತಾಮ್ರ ಹೊದಿಕೆಯ ನಡುವಿನಲ್ಲಿರದೆ ಒಂದು ಪಕ್ಕಕ್ಕೆ ಸರಿದಿತ್ತು. ಬಿಸಿಲಿಗೆ ಇಟ್ಟದ್ದರಿಂದ ಗಟ್ಟಾಪರ್ಚಾ ಮೆತ್ತಗಾಗಿತ್ತು. ಸುತ್ತಿ ಬಿಚ್ಚಿ, ಬಿಚ್ಚಿ ಸುತ್ತಿ ಸವೆದಿತ್ತು. ಹೊದಿಕೆ ತೆಳುವಾದ ಜಾಗದಲ್ಲಿ ಹೆಚ್ಚಿನ ವೋಲ್ಟೇಜ್ ತೂತು ಕೊರೆಯುತ್ತದೆ. ಹೇಗೂ ಸಾಯಲಿದ್ದ ಕೇಬಲ್‌ನ ಸಾವನ್ನು ಅವರು ಬೇಗ ಮಾಡಿದರು ಎನ್ನುವುದು ನನಗೆ ಸರಿಯಾದ ತೀರ್ಪು ಅನ್ನಿಸುತ್ತದೆ.

ಸಾಯುವ ಮೊದಲು ಆ ಕೇಬಲ್ ಒಂದು ಕೆಲಸ ಮಾಡಿತು, ಅದು ಭಾರತಕ್ಕೆ ಸಂಬಂಧಿಸಿದ್ದು. 1857ರ ಬಂಡಾಯ ಹತ್ತಿಕ್ಕಲು ಕೆನಡಾ ಕಡೆಯಲ್ಲಿದ್ದ ಎರಡು ರೆಜಿಮೆಂಟುಗಳನ್ನು ಕರೆಸಲು ಆದೇಶ ಹಡಗಿನ ಅಂಚೆಯಲ್ಲಿ ಹೋಗಿತ್ತು. ಅಷ್ಟರಲ್ಲಿ ಬ್ರಿಟಿಷರಿಗೆ ಅವರ ಅಗತ್ಯ ಉಳಿಯಲಿಲ್ಲ. ಹೊರಡುವುದು ಬೇಡ ಎಂದು ಕೇಬಲ್‌ನಲ್ಲಿ ಕೆಲವೇ ಪದಗಳು ಹೋದವು. ಸರ್ಕಾರಕ್ಕೆ ಸುಮಾರು 50,000 ಪೌಂಡ್ ಉಳಿಯಿತು. ಇಷ್ಟು ನಿಧಾನದ ತಂತಿಯೂ ಹಡಗಿಗಿಂತ ಮುಂದೆ ಎಂದು ಲಂಡನ್ನಿನ ಅಧಿಕಾರಿಗಳಿಗೆ ಲೆಕ್ಕದಲ್ಲೇ ಕಂಡಿತು.

## ಕೆಂಪು ಸಮುದ್ರ, ಮೊದಲ ಸಲ

ಬಂಡಾಯದ ಹೆದರಿಕೆಯಿಂದಲೇ ಬ್ರಿಟಿಷ್ ಸರ್ಕಾರ ಭಾರತದ ಕೇಬಲ್‌ಗೆ ಆತುರಪಟ್ಟಿತು. 1859–60ರಲ್ಲಿ ಸೂಯೆಜ್‌ನಿಂದ ಕೆಂಪು ಸಮುದ್ರದ ಮೂಲಕ ಏಡನ್‌ಗೆ, ಅಲ್ಲಿಂದ ಕರಾಚಿಗೆ ಕೇಬಲ್ ಹಾಕಿದರು. ತಳದಲ್ಲಿ ಹವಳದ ದಿಬ್ಬಗಳು. ಸಡಿಲ ಬಿಡದೆ ಬಿಗಿಯಾಗಿ ಹಾಕಿದ್ದರಿಂದ ಕೇಬಲ್ ದಿಬ್ಬದಿಂದ ದಿಬ್ಬಕ್ಕೆ ಜೋತುಬಿತ್ತು, ಉಜ್ಜಿ ಸವೆಯಿತು, ತನ್ನ ಭಾರಕ್ಕೆ ತಾನೇ ತುಂಡಾಯಿತು. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಅದು ಸರಿಯಾಗಿ ಕೆಲಸ ಮಾಡಲೇ ಇಲ್ಲ. ತಮಾಷೆ ಎಂದರೆ, ಕೇಬಲ್ ನಡೆದರೂ ನಡೆಯದಿದ್ದರೂ ಬಂಡವಾಳದಾರರಿಗೆ ಬಡ್ಡಿ ಕೊಡುತ್ತೇವೆ ಎಂದು ಸರ್ಕಾರ ಸಹಿ ಹಾಕಿತ್ತು. ಸತ್ತ ಕೇಬಲ್‌ಗೆ ವರ್ಷಕ್ಕೆ 36,000 ಪೌಂಡಿನಂತೆ 50 ವರ್ಷ ಕಟ್ಟಬೇಕಾಯಿತು.

ಎರಡು ಸೋಲುಗಳು ಸೇರಿ ಒಂದು ವಿಚಾರಣಾ ಸಮಿತಿಗೆ ಕಾರಣವಾದವು. ಅದು 1861ರಲ್ಲಿ ವರದಿ ಕೊಟ್ಟಿತು. ತಯಾರಿಸುವಾಗಲೇ ಪ್ರತಿ ಮೈಲಿಯನ್ನೂ ನೀರಿನಲ್ಲಿಟ್ಟು ಪರೀಕ್ಷಿಸಿ, ರೋಧವನ್ನು ಒಂದೇ ಅಳತೆಗೋಲಿನಲ್ಲಿ ಅಳೆಯಿರಿ, ತಾಮ್ರದ ಶುದ್ಧತೆ ನೋಡಿ ಎಂಬ ದಾರಿಗೆ ಉದ್ಯಮ ಬಂತು. ಸುಮ್ನೆ ಹಾಕಿ ನೋಡೋಣ ಎನ್ನುವ ಕಾಲ ಮುಗಿಯಿತು.

## 1870: ಮುಂಬೈಗೆ ಬಂದ ತಂತಿ

1866ರ ಅಟ್ಲಾಂಟಿಕ್ ಕೇಬಲ್‌ನಲ್ಲಿ ತಾಮ್ರ ನಾಟಿಕಲ್ ಮೈಲಿಗೆ 300 ಪೌಂಡ್, ಹೊದಿಕೆ 400 ಪೌಂಡ್. ಥಾಮ್ಸನ್ನರ ಗಣಿತ ಕೇಳಿದ್ದೂ ಅದನ್ನೇ. ನಿಮಿಷಕ್ಕೆ ಹಲವು ಪದಗಳು ಹೋದವು.

ಇಲ್ಲಿ ಸಂಕೇತವೂ ಬದಲಾಯಿತು. ನೆಲದ ಮೇಲೆ ಚುಕ್ಕಿ ಎಂದರೆ ಚಿಕ್ಕದು, ಗೆರೆ ಎಂದರೆ ಉದ್ದ. ಎಲ್ಲವೂ ಕಲಸುವ ಸಮುದ್ರದಲ್ಲಿ ಉದ್ದ-ಚಿಕ್ಕ ಎಂಬ ವ್ಯತ್ಯಾಸವನ್ನೇ ನಂಬುವಂತಿಲ್ಲ. ಹಾಗಾಗಿ ಎರಡನ್ನೂ ಒಂದೇ ಅಳತೆ ಮಾಡಿ, ಚುಕ್ಕಿಗೆ ಧನ ಕರೆಂಟ್, ಗೆರೆಗೆ ಋಣ ಕರೆಂಟ್ ಬಿಟ್ಟರು. ಬೆಳಕಿನ ಚುಕ್ಕೆ ಒಂದು ಪಕ್ಕಕ್ಕೆ ಸರಿದರೆ ಚುಕ್ಕಿ, ಇನ್ನೊಂದು ಪಕ್ಕಕ್ಕೆ ಸರಿದರೆ ಗೆರೆ. ಗೆರೆಗೆ ಚುಕ್ಕಿಯ ಮೂರರಷ್ಟು ಸಮಯ ಬೇಡವಾಯಿತು. ಜೊತೆಗೆ, ವಿರುದ್ಧ ಕರೆಂಟ್ ಬಿಟ್ಟಾಗ ಹಿಂದಿನದರಿಂದ ಕೇಬಲ್‌ನಲ್ಲಿ ಕೂತ ವಿದ್ಯುತ್ತು ಬೇಗ ಖಾಲಿಯಾಗುತ್ತದೆ. ಗುಮಾಸ್ತ ಚುಕ್ಕೆ ಮತ್ತೆ ನಡುವಿಗೆ ಬರುವವರೆಗೂ ಕಾಯಬೇಕಿಲ್ಲ. ಅದು ಯಾವ ಕಡೆ ಹೊರಳಿತು ಎಂದು ಕಂಡರೆ ಸಾಕು.

ಭಾರತಕ್ಕೆ 1865ರಲ್ಲೇ ಪರ್ಷಿಯನ್ ಕೊಲ್ಲಿಯ ಕೇಬಲ್ ಮತ್ತು ತುರ್ಕಿಯ ನೆಲದ ತಂತಿ ಸೇರಿಸಿ ಒಂದು ದಾರಿ ಇತ್ತು. ಆದರೆ ಇಂಗ್ಲಿಷ್ ಬಾರದ ಗುಮಾಸ್ತರ ಕೈ ಹತ್ತಾರು ಕಡೆ ದಾಟಿ ಬರುವ ಸಂದೇಶಕ್ಕೆ ದಿನಗಳೇ ಹಿಡಿಯುತ್ತಿದ್ದವು, ಬಂದದ್ದೂ ಎಷ್ಟೋ ಸಲ ಅರ್ಥವಾಗುತ್ತಿರಲಿಲ್ಲ. 1870ರಲ್ಲಿ ಗ್ರೇಟ್ ಈಸ್ಟರ್ನ್ ಹಡಗು ಮುಂಬೈನಿಂದ ಏಡನ್‌ಗೆ ಕೇಬಲ್ ಹಾಕುತ್ತ ಹೊರಟಿತು. ಬಿಸಿಲಿಗೆ ಗಟ್ಟಾಪರ್ಚಾ ಮೆತ್ತಗಾಗದಿರಲಿ ಎಂದು ಹಡಗಿಗೇ ಬಿಳಿ ಬಣ್ಣ ಬಳಿದಿದ್ದರು. ಏಡನ್‌ನಿಂದ ಸೂಯೆಜ್, ಮಾಲ್ಟಾ, ಜಿಬ್ರಾಲ್ಟರ್ ದಾಟಿ ಕೇಬಲ್ ದಾರಿ ಜೂನ್‌ನಲ್ಲಿ ಇಂಗ್ಲೆಂಡಿನ ಪೋರ್ತ್‌ಕರ್ನೊ ತಲುಪಿತು. ತಿಂಗಳ ದಾರಿ ನಿಮಿಷಗಳಿಗೆ ಇಳಿಯಿತು.

ದಾರಿಯನ್ನು ಹೀಗೆ ತುಂಡು ತುಂಡು ಮಾಡಿದ್ದೂ ವರ್ಗದ ನಿಯಮದ ಕಾರಣಕ್ಕೇ. ಒಂದೇ ಕೇಬಲ್ ಮುಂಬೈನಿಂದ ಲಂಡನ್ನಿಗೆ ಇದ್ದಿದ್ದರೆ ಕಲಸುವಿಕೆ ತಡೆಯಲಾಗುತ್ತಿರಲಿಲ್ಲ. ಅದನ್ನೇ ನಾಲ್ಕು ಸಮ ಭಾಗ ಮಾಡಿದರೆ ಒಂದೊಂದರ ಕಲಸುವಿಕೆ ಹದಿನಾರನೇ ಒಂದಕ್ಕೆ ಇಳಿಯುತ್ತದೆ. ಪ್ರತಿ ನಿಲ್ದಾಣದಲ್ಲೂ ಗುಮಾಸ್ತ ಓದಿ ಮುಂದಕ್ಕೆ ಹೊಸದಾಗಿ ಕಳಿಸುತ್ತಿದ್ದ. ಕೆಂಪು ಸಮುದ್ರ, ಏಡನ್, ಸೂಯೆಜ್ ಮುಖ್ಯವಾದದ್ದು ಹೀಗೆ. ಯುರೋಪಿನಿಂದ ಭಾರತಕ್ಕೆ ಹತ್ತಿರದ ನೀರಿನ ದಾರಿ ಅದೇ, ನಡುವೆ ನಿಲ್ಲಲು ಜಾಗಗಳೂ ಅಲ್ಲೇ.

## ಈಗಿನ ಸುದ್ದಿಗೆ ಬರೋಣ

2025ರ ಸೆಪ್ಟೆಂಬರ್‌ನಲ್ಲಿ ಕಡಿದವು ಎಂದು ವರದಿಯಾದ ಸೀ-ಮಿ-ವಿ 4 ಮತ್ತು ಐಎಂಇಡಬ್ಲ್ಯೂಇ ಕೇಬಲ್‌ಗಳ ನಕ್ಷೆ ನೋಡಿದರೆ ಹೆಚ್ಚುಕಡಿಮೆ 1870ರ ದಾರಿಯೇ. ತಾಮ್ರದ ಜಾಗದಲ್ಲಿ ಗಾಜಿನ ಎಳೆ, ಕರೆಂಟಿನ ಜಾಗದಲ್ಲಿ ಬೆಳಕು. ಗುಮಾಸ್ತನ ಜಾಗದಲ್ಲಿ ಹತ್ತಾರು ಕಿ.ಮೀ.ಗೆ ಒಂದರಂತೆ ಸಮುದ್ರದ ತಳದಲ್ಲೇ ಇರುವ ವರ್ಧಕಗಳು. ಅವುಗಳಿಗೆ ಕರೆಂಟ್ ಹೋಗುವುದು ಕೇಬಲ್‌ನೊಳಗಿನ ಲೋಹದ ವಾಹಕದಲ್ಲಿ, ದಡದಿಂದ ಸಾವಿರಾರು ವೋಲ್ಟಿನಲ್ಲಿ.

ನಿಲ್ಲದೆ ನಿಧಾನವಾದದ್ದು ಏಕೆ? ಕಡಿದ ಕೇಬಲ್‌ನ ಮಾಹಿತಿಯನ್ನು ಬೇರೆ ಕೇಬಲ್‌ಗಳಿಗೆ ತಿರುಗಿಸುತ್ತಾರೆ. ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಹೋಗುತ್ತದೆ. ದಾರಿ 10,000 ಕಿ.ಮೀ. ಹೆಚ್ಚಾದರೆ ಹೋಗಿಬರಲು ಸೆಕೆಂಡಿನ ಹತ್ತನೇ ಒಂದು ಭಾಗ ಜಾಸ್ತಿ. ವಿಡಿಯೊ ನೋಡುವವರಿಗೆ ಅದು ಗೊತ್ತಾಗುವುದಿಲ್ಲ, ವಿಡಿಯೊ ಕರೆ ಮಾಡುವವರಿಗೆ ಗೊತ್ತಾಗುತ್ತದೆ. ಉಳಿದ ಕೇಬಲ್‌ಗಳಲ್ಲಿ ದಟ್ಟಣೆಯಾದರೆ ಇನ್ನಷ್ಟು ತಡ. ಯುರೋಪ್ ಕಡೆಯ ಸೇವೆಗಳಿಗೆ ಹೆಚ್ಚು ಪೆಟ್ಟು, ಸಿಂಗಪುರದ ಕಡೆಯವಕ್ಕೆ ಕಡಿಮೆ. ಒಂದು ಆ್ಯಪ್ ನಿಧಾನ, ಇನ್ನೊಂದು ಸರಿಯಾಗಿದೆ ಎಂದು ಜನ ಹೇಳುತ್ತಿದ್ದುದಕ್ಕೆ ಇದೂ ಒಂದು ಕಾರಣ.

ಕಡಿದ ಜಾಗ ಹುಡುಕುವ ವಿಧಾನವೂ ಟೆಲಿಗ್ರಾಫ್ ಕಾಲದ್ದೇ. 1866ರ ಕೇಬಲ್‌ನ ರೋಧ ನಾಟಿಕಲ್ ಮೈಲಿಗೆ ಸುಮಾರು 4 ಓಮ್ ಎಂದುಕೊಳ್ಳಿ. ಕಡಿದ ತುದಿ ನೀರಿಗೆ ತಾಗಿದಾಗ ದಡದಿಂದ ಅಳೆದರೆ 1,200 ಓಮ್ ಬಂತು. ಹಾಗಾದರೆ ತೊಂದರೆ ಇರುವುದು ಸುಮಾರು 300 ನಾಟಿಕಲ್ ಮೈಲಿಯಲ್ಲಿ. ಮುರಿದ ತುದಿಗೂ ನೀರಿಗೂ ನಡುವಿನ ರೋಧ ಈ ಲೆಕ್ಕವನ್ನು ಕೆಡಿಸುತ್ತದೆ, ಅದಕ್ಕೆ ಎರಡೂ ದಡದಿಂದ ಅಳೆದು ತಾಳೆ ನೋಡುತ್ತಿದ್ದರು. ಈಗ ಬೆಳಕಿನ ಮಿಡಿತ ಕಳಿಸಿ, ಅದು ಚದುರಿ ವಾಪಸ್ ಬರುವ ಸಮಯದಿಂದ ದೂರ ಲೆಕ್ಕ ಹಾಕುತ್ತಾರೆ. ಆಮೇಲಿನ ಕೆಲಸ ಹಳೆಯದೇ: ಹಡಗಿನಿಂದ ಕೊಕ್ಕೆ ಇಳಿಸಿ, ತಳ ಗೀರಿ, ಕೇಬಲ್ ಮೇಲೆತ್ತಿ, ಹೊಸ ತುಂಡು ಜೋಡಿಸುವುದು. 1866ರಲ್ಲಿ ಎರಡು ಮೈಲಿಗೂ ಹೆಚ್ಚು ಆಳದಿಂದ, ಹಿಂದಿನ ವರ್ಷ ಕಳೆದುಹೋದ ಕೇಬಲ್ಲನ್ನು ಹೀಗೇ ಎತ್ತಿದ್ದರು.

ಮುಂದೇನು ಎಂಬ ಬಗ್ಗೆ ಎರಡು ಅಭಿಪ್ರಾಯಗಳಿವೆ. ಉಪಗ್ರಹಗಳನ್ನು ಹೆಚ್ಚಿಸಿ ಎನ್ನುವವರು ಒಂದು ಕಡೆ. ತುರ್ತಿಗೆ, ಕೇಬಲ್ ಇಲ್ಲದ ದ್ವೀಪಗಳಿಗೆ ಅದು ಸರಿ. ಆದರೆ ಒಂದೇ ಕೇಬಲ್ ಹೊರುವಷ್ಟು ಮಾಹಿತಿಯನ್ನು ರೇಡಿಯೊ ಅಲೆಗಳಲ್ಲಿ ಇಳಿಸಲು ಅಷ್ಟು ಜಾಗವೇ ಇಲ್ಲ. ಇನ್ನೊಂದು ಕಡೆಯವರು ಬೇರೆ ದಾರಿಯ ಕೇಬಲ್‌ಗಳು ಬೇಕು ಎನ್ನುತ್ತಾರೆ: ಆಫ್ರಿಕಾ ಸುತ್ತಿ ಬರುವುದು, ಅರೇಬಿಯಾದ ನೆಲದ ಮೇಲೆ ಹಾಯುವುದು. ಇವೆರಡಕ್ಕೂ ಖರ್ಚು ಜಾಸ್ತಿ, ನೆಲದ ದಾರಿಯಲ್ಲಿ ಪ್ರತಿ ದೇಶದ ಅನುಮತಿಯೂ ಬೇಕು. ಭಾರತಕ್ಕೆ ಬರುವ ಕೇಬಲ್‌ಗಳಲ್ಲಿ ಹೆಚ್ಚಿನವು ಮುಂಬೈ ಮತ್ತು ಚೆನ್ನೈಯಲ್ಲೇ ದಡ ಸೇರುತ್ತವೆ. ಬೆಂಗಳೂರಿನ ಕಂಪನಿಗಳು ಎರಡೂ ದಡಗಳಿಂದ ಸಂಪರ್ಕ ಇಟ್ಟುಕೊಂಡರೆ ಪಶ್ಚಿಮದಲ್ಲಿ ಕಡಿದಾಗ ಪೂರ್ವದ ದಾರಿ ಹಿಡಿಯಬಹುದು, ಸ್ವಲ್ಪ ಸುತ್ತಾಗುತ್ತದೆ ಅಷ್ಟೇ. ಕೆಂಪು ಸಮುದ್ರದಲ್ಲಿ ರಿಪೇರಿ ಹಡಗು ಸಿಗುವುದು, ಅದಕ್ಕೆ ಅಕ್ಕಪಕ್ಕದ ದೇಶಗಳ ಅನುಮತಿ ಸಿಗುವುದು, ಯುದ್ಧದ ವಾತಾವರಣದಲ್ಲಿ ಹಡಗಿಗೆ ವಿಮೆ ಸಿಗುವುದು, ಈ ಮೂರೂ ಕೂಡಿಬರುವವರೆಗೆ ಕಡಿದ ತುದಿಗಳು ತಳದಲ್ಲೇ ಬಿದ್ದಿರುತ್ತವೆ.